ಮುರಳಿ ಅವರಿಗೆ, ನಿಮ್ಮ ಪುಸ್ತಕದೊಳಗಿನಿಂದ

ಮುರಳಿ ಅವರೇ,

ಆಟಿಯ ಮಳೆಯಲ್ಲಿ ನಿಮ್ಮ ಹೆಗಲು ನೆನೆದರೂ ಸರಿ, ಪುಸ್ತಕ ನೆನೆಯಬಾರದೆಂದು ಕೊಡೆಯನ್ನು ಅದರ ಕಡೆಗೇ ವಾಲಿಸಿಕೊಂಡು ಬಂದು ಕೊಟ್ಟ ಕವಿತೆಗಳ ಸಂಕಲನವನ್ನು ಇಂದು ಹಿಂದಿರುಗಿಸುತ್ತಿದ್ದೇನೆ. ರಟ್ಟಿನ ಅಂಚು ಸವೆಯುತ್ತಿದ್ದುದರಿಂದ ಹಳೆಯ ಕ್ಯಾಲೆಂಡರಿನ ಹಾಳೆಯ ಬೈಂಡು ಹಾಕಿದ್ದೇನೆ. ಪುಸ್ತಕವನ್ನು ಓದಿ ಮುಗಿಸಲು ನನಗೆ ಮೂರು ದಿನ ಸಾಕಾಗಿತ್ತು. ಉಳಿದ ಎರಡು ವಾರ ನಾನು ಓದಿದ್ದು ನೀವು ಪೆನ್ಸಿಲಿನಲ್ಲಿ ಎಳೆದ ಗೆರೆಗಳನ್ನು.

ಇಷ್ಟವಾದ ಸಾಲಿನ ಅಡಿಯಲ್ಲಿ ನೀವು ಗೆರೆ ಎಳೆಯುತ್ತೀರಿ. ಬಹಳ ಇಷ್ಟವಾದ ಸಾಲಿಗೆ ಮಾತ್ರ ಗೆರೆಯಿಲ್ಲ, ಅಂಚಿನಲ್ಲಿ ಒಂದು ಸಣ್ಣ ಚುಕ್ಕೆ ಇರುತ್ತದೆ. ಅರುವತ್ತನಾಲ್ಕನೆಯ ಪುಟದ ಚುಕ್ಕೆಯನ್ನು ಎಷ್ಟು ಒತ್ತಿ ಇಟ್ಟಿದ್ದೀರೆಂದರೆ ಹಾಳೆ ಮಗುಚಿ ಬೆರಳಾಡಿಸಿದರೆ ಅದು ಉಬ್ಬಿ ಕೈಗೆ ಸಿಗುತ್ತದೆ. ರಾತ್ರಿ ಕರೆಂಟು ಹೋದಾಗಲೂ ಆ ಪುಟವನ್ನು ನಾನು ಬೆರಳಿನಿಂದಲೇ ಗುರುತಿಸಿದ್ದೇನೆ.

ಮುನ್ನುಡಿಯಲ್ಲಿ ನೀವು ಗೆರೆ ಎಳೆದ ಒಂದೇ ಒಂದು ಜಾಗವಿದೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ಬಿಟ್ಟು ಕವಿತೆ ಬರೆಯಲು ತೊಡಗಿದರೆಂಬ ಸಂಗತಿ ಅದು. ಸಾಲು ಸಾಲಿಗೂ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಕಟ್ಟು ಕಳಚಿದ ಮೇಲೆ ಕನ್ನಡ ಕವಿತೆಯ ಉಸಿರಾಟ ಸಲೀಸಾಯಿತೆಂದು ನೀವು ಗ್ರಂಥಾಲಯದ ಮೆಟ್ಟಿಲಿನ ಮೇಲೆ ನಿಂತು ಅಷ್ಟು ಹುರುಪಿನಿಂದ ವಿವರಿಸಿದಾಗ ನಾನು ತಲೆಯಾಡಿಸಿದ್ದು ನಿಜ. ಆದರೆ ಆ ರಾತ್ರಿ ಮನೆಯಲ್ಲಿ ಒಂದು ಕಾಗದದ ಮೇಲೆ ಎರಡು ಹೆಸರುಗಳನ್ನು ಒಂದರ ಕೆಳಗೊಂದು ಬರೆದು ನೋಡಿದೆ. ಮುರಳಿ, ಸರಳಾ. ಮೊದಲನೆಯ ಅಕ್ಷರ ಎರಡರಲ್ಲೂ ಲಘು. ಎರಡನೆಯದು ಎರಡರಲ್ಲೂ ರಕಾರ. ಮೂರನೆಯ ಳಕಾರವಂತೂ ಯಾರೂ ಕೇಳದೆಯೇ ಬಂದು ಕುಳಿತಿದೆ. ಪೈಗಳ ಮೇಲೆ ನನಗೆ ಅಪಾರ ಗೌರವವಿದೆ, ಆದರೂ ಈ ಒಂದು ಪ್ರಾಸವನ್ನು ಬಿಡುವ ಮನಸ್ಸು ನನಗಿಲ್ಲ.

ಇನ್ನೊಂದು ವಿಷಯವನ್ನು ನೀವು ಗಮನಿಸಿದ್ದೀರೋ ಇಲ್ಲವೋ ತಿಳಿಯದು. ನಮ್ಮ ಕೂಟದ ಎಲ್ಲರ ಬಾಯಲ್ಲೂ ನೀವು ಮುರಳಿಯಣ್ಣ. ನನಗಿಂತ ಹಿರಿಯರಾದವರೂ ಹಾಗೆಯೇ ಕರೆಯುತ್ತಾರೆ. ಎರಡು ವರ್ಷಗಳ ಪರಿಚಯದಲ್ಲಿ ನಾನು ಒಮ್ಮೆಯೂ ನಿಮ್ಮ ಹೆಸರಿಗೆ ಆ ಅಣ್ಣನನ್ನು ಸೇರಿಸಿಲ್ಲ. ಮರೆತು ಬಿಟ್ಟದ್ದಲ್ಲ, ಪ್ರತಿ ಸಲವೂ ನೆನಪಿಟ್ಟು ಬಿಟ್ಟದ್ದು.

ಇದು ಶುರುವಾದ ದಿನ ಯಾವುದೆಂದು ನನಗೆ ಗೊತ್ತಿದೆ. ಬದಿಯಡ್ಕದ ಸಂಜೆಯ ಬಸ್ಸಿನಲ್ಲಿ, ಚೆರ್ಕಳ ದಾಟಿದ ಮೇಲೆ, ಅಜ್ಜಿಯೊಬ್ಬರು ಮಾತ್ರೆಯ ಕವರನ್ನು ನಿಮ್ಮತ್ತ ಚಾಚಿ, ಅದರ ಮೇಲೆ ಮಲಯಾಳದಲ್ಲಿ ಬರೆದದ್ದು ತಮಗೆ ಓದಲು ಬಾರದೆಂದು ಹೇಳಿದರು. ನೀವು ಎದ್ದು ಅವರನ್ನು ನಿಮ್ಮ ಸೀಟಿನಲ್ಲಿ ಕೂರಿಸಿ, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿ, ಬೆಳಿಗ್ಗೆಗೆ ಒಂದು, ರಾತ್ರಿಗೆ ಎರಡು ಎಂಬುದನ್ನು ಅವರದೇ ಬೆರಳುಗಳನ್ನು ಮಡಿಸಿ ಎಣಿಸಿದಿರಿ; ಆಮೇಲೆ ಅವರಿಂದ ಒಮ್ಮೆ ತಿರುಗಿ ಹೇಳಿಸಿಕೊಂಡಿರಿ. ಹಿಂದಿನ ಸೀಟಿನಲ್ಲಿ ಕುಳಿತಿದ್ದ ನಾನು ಆ ದಿನ ನನ್ನ ಸ್ಟಾಪಿನಲ್ಲಿ ಇಳಿಯಲಿಲ್ಲ. ಮುಂದಿನ ಸ್ಟಾಪಿನಿಂದ ನಡೆದೇ ಮನೆಗೆ ಬಂದೆ.

ಈಗ ಕೇಳಬೇಕಾದುದನ್ನು ಕೇಳುತ್ತೇನೆ. ಬರುವ ಎರಡನೆಯ ಶನಿವಾರ ನಾವಿಬ್ಬರೂ ಮಂಜೇಶ್ವರಕ್ಕೆ ಹೋಗಿ ಬರೋಣವೇ? ಪೈಗಳ ಮನೆಯ ಅಂಗಳದಲ್ಲಿ ನಿಂತು ನೀವು ಪ್ರಾಸ ಬಿಟ್ಟದ್ದನ್ನು ಸಮರ್ಥಿಸಿ, ನಾನು ಮೇಲಿನ ಎರಡು ಹೆಸರುಗಳನ್ನು ಮುಂದಿಟ್ಟು ವಾದಿಸುತ್ತೇನೆ. ಕಾಸರಗೋಡಿನಿಂದ ರೈಲಿನಲ್ಲಿ ಹೋದರೆ ಕುಂಬಳೆಯ ಬಳಿ ಎಡಗಡೆಗೆ ಸಮುದ್ರ ಕಾಣಿಸುತ್ತದೆ. ಕಿಟಕಿಯ ಪಕ್ಕದ ಜಾಗವನ್ನು ನಾನು ಬೇರೆ ಯಾರಿಗೂ ಬಿಟ್ಟುಕೊಡುವವಳಲ್ಲ, ನಿಮಗಾದರೆ ಬಿಡುತ್ತೇನೆ.

ಉತ್ತರವನ್ನು ಎಲ್ಲರ ಎದುರಿಗೆ ಹೇಳುವ ಅಗತ್ಯವಿಲ್ಲ. ನೀವು ಕೊಡಲಿರುವ ಮುಂದಿನ ಪುಸ್ತಕದ ಮೊದಲ ಪುಟದ ಅಂಚಿನಲ್ಲಿ ಒಂದು ಚುಕ್ಕೆ ಇದ್ದರೆ ಬರುತ್ತೀರೆಂದು ತಿಳಿಯುತ್ತೇನೆ. ಇಲ್ಲದಿದ್ದರೂ ಆ ಪುಸ್ತಕವನ್ನು ಇಷ್ಟೇ ಪ್ರೀತಿಯಿಂದ ಓದಿ, ಬೈಂಡು ಹಾಕಿ ಹಿಂದಿರುಗಿಸುತ್ತೇನೆ. ಮೆಟ್ಟಿಲಿನ ಮೇಲಿನ ನಮ್ಮ ಮಾತುಕತೆ ಎಂದಿನಂತೆಯೇ ನಡೆಯುತ್ತದೆ.

ಈ ಚೀಟಿಯನ್ನು ಅರುವತ್ತನಾಲ್ಕನೆಯ ಪುಟದಲ್ಲಿ ಇಟ್ಟಿದ್ದೇನೆ. ಜೊತೆಗಿರುವ ರೆಂಜೆಯ ಹೂ ನಮ್ಮ ಅಂಗಳದ್ದು. ಒಣಗಿದ್ದರೂ ಪರಿಮಳ ಹೋಗಿಲ್ಲ.

ಸರಳಾ