ದಕ್ಷ ಮಾರುಕಟ್ಟೆ ಸಿದ್ಧಾಂತ: ಬಹು ಆಯ್ಕೆ ಪ್ರಶ್ನೆಗಳು

ಬಿ.ಕಾಂ. ಅಂತಿಮ ವರ್ಷ, ಕಿರು ಪರೀಕ್ಷೆ. ಪ್ರಶ್ನೆಗೆ 2 ಅಂಕ. ‘ಹೆಚ್ಚುವರಿ ಲಾಭ’ ಎಂದರೆ ಹೊತ್ತ ಅಪಾಯಕ್ಕೆ ನ್ಯಾಯವಾಗಿ ಸಿಗಬೇಕಾದುದನ್ನು ಮೀರಿದ ಲಾಭ.

1. ಒಂದು ಷೇರು ಮೂರು ಸಲ 240 ರೂಪಾಯಿಗೆ ಇಳಿದು ಮೇಲೆದ್ದಿದೆ. ನಾಲ್ಕನೆಯ ಸಲ ಶಶಿಧರ ಚಾರ್ಟ್ ನಂಬಿ ಕೊಳ್ಳುತ್ತಾನೆ. ಮಾರುಕಟ್ಟೆ ದುರ್ಬಲ ರೂಪದಲ್ಲಿ ಮಾತ್ರ ದಕ್ಷವಾಗಿದ್ದರೆ, ಹೆಚ್ಚುವರಿ ಲಾಭಕ್ಕೆ
ಅ) ತಾಂತ್ರಿಕ, ಮೂಲಭೂತ ವಿಶ್ಲೇಷಣೆಗಳೆರಡೂ ನೆರವಾಗವು
ಆ) ಮೂಲಭೂತ ವಿಶ್ಲೇಷಣೆ ನೆರವಾಗಬಹುದು, ತಾಂತ್ರಿಕ ನೆರವಾಗದು
ಇ) ತಾಂತ್ರಿಕ ನೆರವಾಗಬಹುದು, ಮೂಲಭೂತ ನೆರವಾಗದು
ಈ) ಎರಡೂ ನೆರವಾಗಬಹುದು

2. ಪಂಪ್‌ಸೆಟ್ ಕಂಪನಿಯೊಂದು ಸಂಜೆ 5ಕ್ಕೆ ನಿರೀಕ್ಷೆ ಮೀರಿದ ತ್ರೈಮಾಸಿಕ ಲಾಭ ಪ್ರಕಟಿಸಿತು. 412ಕ್ಕೆ ಮುಗಿದಿದ್ದ ಷೇರು ಮರುದಿನ 9.15ಕ್ಕೆ 451ರಲ್ಲೇ ತೆರೆಯಿತು. ಸುಮಾ 10 ಗಂಟೆಗೆ ಪತ್ರಿಕೆ ಓದಿ ಕೊಂಡಳು. ಅರೆಪ್ರಬಲ ರೂಪದ ಪ್ರಕಾರ ಅವಳು ನಿರೀಕ್ಷಿಸಬಹುದಾದದ್ದು
ಅ) ಷೇರಿಗೆ 39 ರೂಪಾಯಿ ಲಾಭ
ಆ) ಖಚಿತ ನಷ್ಟ
ಇ) ಅಪಾಯಕ್ಕೆ ತಕ್ಕ ಸಾಮಾನ್ಯ ಪ್ರತಿಫಲ
ಈ) ಚಾರ್ಟ್ ಓದಿದರೆ ಹೆಚ್ಚುವರಿ ಲಾಭ

3. ವಿಲೀನದ ಗುಟ್ಟು ಪ್ರಕಟಣೆಗೆ ಮೊದಲೇ ತಿಳಿದವರು ಸತತವಾಗಿ ಹೆಚ್ಚುವರಿ ಲಾಭ ಗಳಿಸುತ್ತಿದ್ದಾರೆ. ಇದರಿಂದ ಸುಳ್ಳಾಗುವುದು
ಅ) ಪ್ರಬಲ ರೂಪ ಮಾತ್ರ
ಆ) ಅರೆಪ್ರಬಲ, ಪ್ರಬಲ ರೂಪಗಳು
ಇ) ದುರ್ಬಲ ರೂಪ ಮಾತ್ರ
ಈ) ಮೂರೂ

4. ಹಳೆಯ ಬೆಲೆಗಳನ್ನಷ್ಟೇ ಬಳಸುವ ಸೂತ್ರವೊಂದು, ದಲ್ಲಾಳಿ ಶುಲ್ಕ ಕಳೆದೂ, ವರ್ಷಗಟ್ಟಲೆ ಹೆಚ್ಚುವರಿ ಲಾಭ ಕೊಡುತ್ತಿದೆ. ಸುಳ್ಳಾಗುವುದು
ಅ) ದುರ್ಬಲ ರೂಪ ಮಾತ್ರ
ಆ) ಪ್ರಬಲ ರೂಪ ಮಾತ್ರ
ಇ) ದುರ್ಬಲ, ಅರೆಪ್ರಬಲ ರೂಪಗಳು ಮಾತ್ರ
ಈ) ಮೂರೂ

5. ವಿಶ್ಲೇಷಣೆ ದಂಡವೆಂದು ಎಲ್ಲರೂ ಅದನ್ನು ಕೈಬಿಟ್ಟು ಸೂಚ್ಯಂಕ ನಿಧಿಗಳಿಗೇ ಹಣ ಹಾಕಿದರೆ
ಅ) ಬೆಲೆಗಳು ಇನ್ನಷ್ಟು ನಿಖರವಾಗುತ್ತವೆ
ಆ) ಹೊಸ ಮಾಹಿತಿ ಬೆಲೆಯನ್ನು ಸೇರುವ ದಾರಿ ಮುಚ್ಚುತ್ತದೆ
ಇ) ಪ್ರಬಲ ರೂಪ ಸಾಬೀತಾಗುತ್ತದೆ
ಈ) ಏನೂ ಬದಲಾಗುವುದಿಲ್ಲ

ಉತ್ತರಗಳು

1. ಆ. 240ರ ನೆಲ ಶಶಿಧರನಿಗೆ ಕಂಡರೆ ಊರಿಗೆಲ್ಲ ಕಾಣುತ್ತದೆ. ಅವರು 245ಕ್ಕೇ ಕೊಳ್ಳತೊಡಗುತ್ತಾರೆ, ನೆಲ ಮಾಯವಾಗುತ್ತದೆ. ಆದರೆ ಲೆಕ್ಕಪತ್ರಗಳಲ್ಲಿರುವುದೆಲ್ಲ ಬೆಲೆಗೆ ಇಳಿದಿರಲೇಬೇಕೆಂದು ದುರ್ಬಲ ರೂಪ ಹೇಳುವುದಿಲ್ಲ. ಪ್ರಶ್ನೆಯ ‘ಮಾತ್ರ’ವನ್ನು ಓದದೆ ದಾಟುವವರು ‘ಅ’ ಗುರುತಿಸುತ್ತಾರೆ.

2. ಇ. 39 ರೂಪಾಯಿ ಸಿಕ್ಕಿದ್ದು ಹಿಂದಿನ ದಿನವೇ ಷೇರು ಇಟ್ಟುಕೊಂಡಿದ್ದವರಿಗೆ. ಸುದ್ದಿ ಒಳ್ಳೆಯದೇ, ಸುಮಾ ತೆತ್ತ ಬೆಲೆಯೂ ಒಳ್ಳೆಯ ಸುದ್ದಿಯದೇ. ಇಲ್ಲಿ ಚಾರ್ಟ್, ಲೆಕ್ಕಪತ್ರ ಎರಡೂ ಸೋಲುತ್ತವೆ.

3. ಅ. ಗುಟ್ಟು ಸಾರ್ವಜನಿಕ ಮಾಹಿತಿಯಲ್ಲ, ಆದ್ದರಿಂದ ಅರೆಪ್ರಬಲ ರೂಪಕ್ಕೆ ಧಕ್ಕೆಯಿಲ್ಲ. ಪ್ರಬಲ ರೂಪ ಅಕ್ಷರಶಃ ನಿಜವಲ್ಲವೆಂದು ಯೂಜೀನ್ ಫಾಮಾ 1970ರ ಲೇಖನದಲ್ಲೇ ಒಪ್ಪಿದ್ದರು. ಒಳಗಿನ ಮಾಹಿತಿಯಿಂದ ಲಾಭವೇ ಇರದಿದ್ದರೆ ಸೆಬಿಯ 2015ರ ನಿಯಮಾವಳಿಗೆ ಕೆಲಸವೇ ಇರುತ್ತಿರಲಿಲ್ಲ.

4. ಈ. ಹಳೆಯ ಬೆಲೆಯೂ ಸಾರ್ವಜನಿಕ ಮಾಹಿತಿಯೇ. ದುರ್ಬಲ ರೂಪ ಅರೆಪ್ರಬಲದೊಳಗೆ, ಅರೆಪ್ರಬಲ ಪ್ರಬಲದೊಳಗೆ ಇಟ್ಟ ಪೆಟ್ಟಿಗೆಯಿದ್ದಂತೆ. ಒಳಪೆಟ್ಟಿಗೆ ಒಡೆದರೆ ಹೊರಪೆಟ್ಟಿಗೆಗಳೂ ಒಡೆದಂತೆ.

5. ಆ. ಗ್ರಾಸ್‌ಮನ್ ಮತ್ತು ಸ್ಟಿಗ್ಲಿಟ್ಜ್ 1980ರಲ್ಲಿ ತೋರಿಸಿದ ಇಕ್ಕಟ್ಟು ಇದು: ಮಾಹಿತಿ ಹುಡುಕಲು ಖರ್ಚಾಗುತ್ತದೆ, ಪ್ರತಿಫಲವಿಲ್ಲದಿದ್ದರೆ ಯಾರೂ ಹುಡುಕುವುದಿಲ್ಲ. ‘ಈ’ ಬರೆದು ಕಾರಣ ವಿವರಿಸಿದವರಿಗೂ ಅಂಕವಿಲ್ಲ.