ಸಂತೆ ಲೆಕ್ಕ: ಹಣ ಮತ್ತು ಚಿಲ್ಲರೆ ಅಭ್ಯಾಸ ಹಾಳೆ

ತರಗತಿ: ಐದು | ವಿಷಯ: ಗಣಿತ | ಅಂಕ: 40 | ಸಮಯ: ಎರಡು ಅವಧಿ

ಮಕ್ಕಳೇ, ಉತ್ತರಗಳನ್ನೆಲ್ಲ ಲೆಕ್ಕದ ಪುಸ್ತಕದಲ್ಲಿ ಬರೆಯಿರಿ. ಪಕ್ಕದ ಸ್ಥಾನದಿಂದ ಸಾಲ ಪಡೆದಾಗ ಹಳೆಯ ಅಂಕಿಯ ಮೇಲೆ ಗೀಟು ಹಾಕಿ ಹೊಸ ಅಂಕಿಯನ್ನು ಅದರ ತಲೆಯ ಮೇಲೆ ಬರೆಯಿರಿ. ಗೀಟು ಕಾಣದಿದ್ದರೆ ಉತ್ತರ ಸರಿಯಿದ್ದರೂ ಅರ್ಧ ಅಂಕವೇ. ಬಾಯಿಲೆಕ್ಕದಲ್ಲಿ ಜಾಣರಾದವರಿಗೆ ಇದು ಕಿರಿಕಿರಿ ಎನಿಸಬಹುದು, ಆದರೆ ತಪ್ಪು ಎಲ್ಲಿ ನುಸುಳಿತೆಂದು ನನಗೆ ಕಾಣುವುದು ಆ ಗೀಟುಗಳಲ್ಲಿಯೇ.

1. ಬಾಯಿಲೆಕ್ಕ (4 ಅಂಕ)

ಎಷ್ಟು ಚಿಲ್ಲರೆ ಬರಬೇಕು? ಇಲ್ಲಿ ಮಾತ್ರ ಗೀಟು ಬೇಕಿಲ್ಲ.

ಅ) ₹50 ಕೊಟ್ಟು ₹18ರ ಕೊತ್ತಂಬರಿ, ಮೆಣಸಿನಕಾಯಿ ತಂದಿರಿ.
ಆ) ₹100 ಕೊಟ್ಟು ₹64ರ ಬಾಳೆಹಣ್ಣು ತಂದಿರಿ.
ಇ) ₹200 ಕೊಟ್ಟು ₹137ರ ತರಕಾರಿ ತಂದಿರಿ.
ಈ) ₹500 ಕೊಟ್ಟು ₹285ರ ಚಪ್ಪಲಿ ತಂದಿರಿ.

ಸೊನ್ನೆಯಿಂದ ಸಾಲ ಪಡೆಯುವುದು ಹೇಗೆ?

₹267ರ ದಿನಸಿಗೆ ₹500ರ ಒಂದು ನೋಟು ಕೊಟ್ಟಿದ್ದೀರಿ. ಬಿಡಿ ಸ್ಥಾನದಲ್ಲಿ 0 ಇದೆ, ಅದರಿಂದ 7 ಹೋಗುವುದಿಲ್ಲ. ಸಾಲ ಕೇಳೋಣವೆಂದರೆ ಪಕ್ಕದ ಹತ್ತರ ಸ್ಥಾನವೂ ಬರಿಗೈ. ಹಾಗಾಗಿ ನೂರರ ಸ್ಥಾನದವರೆಗೆ ಹೋಗಬೇಕು.

ನೋಟುಗಳನ್ನು ಮೇಜಿನ ಮೇಲೆ ಇಟ್ಟು ನೋಡಿ. ₹500 ಎಂದರೆ ನೂರರ 5 ನೋಟು. ಒಂದು ನೂರನ್ನು ಮುರಿಸಿದರೆ ಹತ್ತರ 10 ನೋಟು ಬರುತ್ತವೆ, ನೂರರ ನೋಟು 4 ಉಳಿಯುತ್ತವೆ. ಆ ಹತ್ತರ ನೋಟುಗಳಲ್ಲಿ ಒಂದನ್ನು ಮತ್ತೆ ಮುರಿಸಿದರೆ ಒಂದು ರೂಪಾಯಿಯ 10 ನಾಣ್ಯ. ಈಗ ಕೈಯಲ್ಲಿ ನೂರರ 4, ಹತ್ತರ 9, ಒಂದರ 10 ಇವೆ. ನಡುವಿನ ಸೊನ್ನೆ 9 ಆದದ್ದು ಹೀಗೆ. ಅದು 10 ಆಗಿದ್ದು ಒಂದೇ ಗಳಿಗೆ, ಮರುಕ್ಷಣ ತಾನೇ ಒಂದನ್ನು ಬಲಗಡೆಗೆ ಕೊಟ್ಟುಬಿಟ್ಟಿತು.

```
   4  9 10
   5  0  0
-  2  6  7
----------
   2  3  3
```

ತಾಳೆ ನೋಡುವುದು: 233 + 267 = 500. ಸರಿ.

ಇನ್ನೊಂದು ತಾಳೆ ಸಂತೆಯವರದು. ಅವರು ಕಳೆಯುವುದೇ ಇಲ್ಲ, ಕೂಡಿಸುತ್ತಾ ಹೋಗುತ್ತಾರೆ. 267ಕ್ಕೆ 3 ಹಾಕಿದರೆ 270, ಅದಕ್ಕೆ 30 ಹಾಕಿದರೆ 300, ಅದಕ್ಕೆ 200 ಹಾಕಿದರೆ 500. ಕೊಟ್ಟ ಚಿಲ್ಲರೆ 3 + 30 + 200 = 233. ಸಾಲದ ಗೊಡವೆಯೇ ಇಲ್ಲ.

2. ಲಂಬವಾಗಿ ಬರೆದು ಕಳೆಯಿರಿ (5 ಅಂಕ)

ಅ) ₹300 − ₹148
ಆ) ₹405 − ₹187
ಇ) ₹503 − ₹278
ಈ) ₹1,000 − ₹326
ಉ) ₹2,000 − ₹1,045

ಆ ಮತ್ತು ಈ ಲೆಕ್ಕಗಳನ್ನು ಸಂತೆಯವರ ಕ್ರಮದಲ್ಲಿಯೂ ಮಾಡಿ ತಾಳೆ ನೋಡಿ.

3. ಕಡಿಮೆ ನೋಟು, ಕಡಿಮೆ ನಾಣ್ಯ (3 ಅಂಕ)

ಗಲ್ಲಾಪೆಟ್ಟಿಗೆಯಲ್ಲಿ ₹500, ₹200, ₹100, ₹50, ₹20, ₹10ರ ನೋಟುಗಳೂ ₹5, ₹2, ₹1ರ ನಾಣ್ಯಗಳೂ ಬೇಕಾದಷ್ಟಿವೆ. ಈ ಮೊತ್ತಗಳನ್ನು ಅತಿ ಕಡಿಮೆ ಸಂಖ್ಯೆಯ ನೋಟು ಮತ್ತು ನಾಣ್ಯಗಳಲ್ಲಿ ಹೇಗೆ ಕೊಡುತ್ತೀರಿ?

ಅ) ₹233
ಆ) ₹674
ಇ) ₹955

4. ಒಂದು ಲೆಕ್ಕ, ಮೂರು ತಪ್ಪು (4 ಅಂಕ)

₹400 ಕೊಟ್ಟು ₹156ರ ಸಾಮಾನು ಕೊಂಡರೆ ಚಿಲ್ಲರೆ ಎಷ್ಟು? ಮೂವರು ಮಕ್ಕಳು ಬರೆದ ಉತ್ತರಗಳು ಇವು:

ಸವಿತಾ: ₹356
ಇಮ್ರಾನ್: ₹254
ಬಸವರಾಜ: ₹344

ಮೂರೂ ತಪ್ಪು, ಆದರೆ ಮೂವರೂ ಎಡವಿದ್ದು ಬೇರೆ ಬೇರೆ ಕಡೆ. ಯಾರು ಯಾವ ಹೆಜ್ಜೆಯಲ್ಲಿ ತಪ್ಪಿದರೆಂದು ಒಂದೊಂದು ವಾಕ್ಯದಲ್ಲಿ ಬರೆಯಿರಿ. ಅಂಗಡಿಯವರು ಈ ಉತ್ತರಗಳನ್ನು ನಂಬಿ ಚಿಲ್ಲರೆ ಕೊಟ್ಟಿದ್ದರೆ ಪ್ರತಿ ಸಲ ಅವರಿಗೆ ಎಷ್ಟು ನಷ್ಟ?

ಪೈಸೆ ಎಲ್ಲಿದೆ?

25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತುಹೋಯಿತು. 50 ಪೈಸೆಯ ನಾಣ್ಯ ಕಾನೂನಿನ ಪ್ರಕಾರ ಈಗಲೂ ಸಲ್ಲುತ್ತದೆ, ಆದರೆ ಅದನ್ನು ಕೈಯಲ್ಲಿ ಹಿಡಿದು ನೋಡಿದವರು ನಿಮ್ಮಲ್ಲಿ ಕಡಿಮೆ ಇರಬಹುದು. ಕೈಯಿಂದ ಹೋದರೂ ಪೈಸೆ ಲೆಕ್ಕದಿಂದ ಹೋಗಿಲ್ಲ. ವಿದ್ಯುತ್ ಬಿಲ್ಲು, ಪೆಟ್ರೋಲ್ ಬಂಕಿನ ಫಲಕ, ಹಾಲಿನ ಡೈರಿಯ ಚೀಟಿ, ಬ್ಯಾಂಕಿನ ಪಾಸ್‌ಬುಕ್, ಎಲ್ಲೆಲ್ಲೂ ಬಿಂದುವಿನ ಬಲಗಡೆ ಅದು ಕುಳಿತಿದೆ.

ನೆನಪಿಡಿ: ₹1 = 100 ಪೈಸೆ. ಆದ್ದರಿಂದ ಹಣದ ಲೆಕ್ಕದಲ್ಲಿ ಬಿಂದುವಿನ ನಂತರ ಯಾವಾಗಲೂ ಎರಡು ಅಂಕಿ. 7 ರೂಪಾಯಿ 5 ಪೈಸೆ ಎಂದರೆ ₹7.05. ಅದನ್ನು 7.5 ಎಂದು ಬರೆದರೆ 7 ರೂಪಾಯಿ 50 ಪೈಸೆ ಆಗಿಬಿಡುತ್ತದೆ. (ನಿಮ್ಮ ಮುತ್ತಜ್ಜನ ಕಾಲದಲ್ಲಿ ರೂಪಾಯಿಗೆ 16 ಆಣೆ ಇತ್ತು. 1957ರ ಏಪ್ರಿಲ್ 1ರಂದು 100 ಪೈಸೆಯ ಲೆಕ್ಕ ಬಂದಿತು. ಆಣೆಯೇ ಉಳಿದಿದ್ದರೆ ಈ ಹಾಳೆಯಲ್ಲಿ ಬಿಂದುವೇ ಇರುತ್ತಿರಲಿಲ್ಲ. ಖುಷಿಪಡಬೇಡಿ, ಆ ಲೆಕ್ಕ ಇದಕ್ಕಿಂತ ಕಷ್ಟ.)

5. ರೂಪಾಯಿಯಲ್ಲಿ, ಬಿಂದು ಇಟ್ಟು ಬರೆಯಿರಿ (5 ಅಂಕ)

ಅ) 8 ರೂಪಾಯಿ 50 ಪೈಸೆ
ಆ) 12 ರೂಪಾಯಿ 5 ಪೈಸೆ
ಇ) 75 ಪೈಸೆ
ಈ) 240 ಪೈಸೆ
ಉ) 1,005 ಪೈಸೆ

6. ಬಿಂದು ಕಳೆದುಹೋಗಿದೆ (4 ಅಂಕ)

ಇಲ್ಲಿ ಮೊತ್ತದ ಅಂಕಿಗಳೆಲ್ಲ ಸರಿಯಾಗಿವೆ, ಬಿಂದು ಮಾತ್ರ ಇಲ್ಲ. ಮೊದಲು ರೂಪಾಯಿಗಳನ್ನಷ್ಟೇ ನೋಡಿ ಅಂದಾಜು ಬರೆಯಿರಿ, ಆಮೇಲೆ ಬಿಂದು ಇಡಿ.

ಅ) ₹125.50 + ₹74.75 + ₹9.05 → 20930
ಆ) ₹38 + ₹6.25 + ₹0.75 → 4500
ಇ) ₹1,040.60 + ₹259.40 → 130000
ಈ) ₹7.05 + ₹7.50 + ₹75 → 8955

7. ಕಿರಾಣಿ ಅಂಗಡಿಯ ಚೀಟಿ (4 ಅಂಕ)

ತೊಗರಿಬೇಳೆ ಅರ್ಧ ಕಿಲೋ ₹72.50, ಜೀರಿಗೆ 50 ಗ್ರಾಂ ₹18.75, ಸಕ್ಕರೆ ಒಂದು ಕಿಲೋ ₹46, ಉಪ್ಪು ಒಂದು ಪೊಟ್ಟಣ ₹24. ರೇಖಾ ಬೆಲೆಗಳನ್ನು ಹೀಗೆ ಬರೆದುಕೊಂಡು ಕೂಡಿದಳು:

```
   72.50
   18.75
      46
+     24
--------
   91.95
```

ಅ) ರೇಖಾಳ ಸಕ್ಕರೆ ಎಷ್ಟು ಪೈಸೆಗೆ ಇಳಿದಿದೆ?
ಆ) ಬಿಂದುವಿನ ಕೆಳಗೆ ಬಿಂದು ಬರುವಂತೆ ಬರೆದು ಸರಿಯಾದ ಮೊತ್ತ ಕಂಡುಹಿಡಿಯಿರಿ.
ಇ) ₹200 ಕೊಟ್ಟರೆ ಲೆಕ್ಕದ ಪ್ರಕಾರ ಬರಬೇಕಾದ ಚಿಲ್ಲರೆ ಎಷ್ಟು?
ಈ) ಅಂಗಡಿಯವರು ಬಿಲ್ಲನ್ನು ಹತ್ತಿರದ ರೂಪಾಯಿಗೆ ಸರಿಮಾಡಿದರೆ ಕೈಗೆ ಬರುವುದೆಷ್ಟು?

ಬಿಂದುವನ್ನು ದಾಟಿ ಸಾಲ

₹50.00 − ₹32.75. ಪೈಸೆಯ ಎರಡು ಸೊನ್ನೆ, ಅದರಾಚೆ ಬಿಂದು, ಅದರಾಚೆ ಇನ್ನೊಂದು ಸೊನ್ನೆ. ಬಿಂದು ಗೋಡೆಯಲ್ಲ, ಸಾಲ ಅದನ್ನು ದಾಟಿ ಬರುತ್ತದೆ. 50 ರೂಪಾಯಿ ಎಂದರೆ 49 ರೂಪಾಯಿ 100 ಪೈಸೆ. 100ರಿಂದ 75 ಹೋದರೆ 25 ಪೈಸೆ, 49ರಿಂದ 32 ಹೋದರೆ 17 ರೂಪಾಯಿ.

```
   4  9 .  9 10
   5  0 .  0  0
-  3  2 .  7  5
---------------
   1  7 .  2  5
```

8. ಡೈರಿಯ ಚೀಟಿ (2 ಅಂಕ)

ಬೆಳಗಿನ ಹಾಲಿಗೆ ₹212.40, ಸಂಜೆಯ ಹಾಲಿಗೆ ₹187.75. ಒಟ್ಟು ಹಣದಲ್ಲಿ ಹಿಂಡಿಯ ಬಾಕಿ ₹95.50 ಹಿಡಿದುಕೊಂಡರು. ಕೈಗೆ ಬಂದದ್ದು ಎಷ್ಟು?

9. ಮೊಬೈಲಿನಲ್ಲಿ ಹಣ (2 ಅಂಕ)

ಔಷಧಿ ಅಂಗಡಿಗೆ ₹45.25 ಕಳುಹಿಸಬೇಕಿತ್ತು. ಚಿಕ್ಕಪ್ಪ ಬಿಂದು ಒತ್ತುವುದನ್ನು ಮರೆತು 4525 ಎಂದು ಒತ್ತಿ ಕಳುಹಿಸಿಬಿಟ್ಟರು. ಎಷ್ಟು ಹೆಚ್ಚು ಹೋಯಿತು?

10. ಅಜ್ಜಿಯ ಚೀಲ (4 ಅಂಕ)

ಗಂಗಜ್ಜಿ ಚೀಲದಲ್ಲಿ ₹150 ಚಿಲ್ಲರೆ ಇಟ್ಟುಕೊಂಡು ಮೊಮ್ಮಗ ಗಿರೀಶನ ಜೊತೆ ಸಂತೆಗೆ ಹೊರಟರು. ಸೊಪ್ಪು ಮಾರಿ ಬಂದದ್ದು ₹340. ತೆಂಗಿನಕಾಯಿ ಒಂದಕ್ಕೆ ₹35ರಂತೆ 12 ಕಾಯಿ ಮಾರಿದರು. ಸಂತೆ ಸುಂಕ ₹20, ಚಹಾ ₹15. ಸಾರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಅಜ್ಜಿಗೆ ಟಿಕೆಟ್ ಉಚಿತ. ಗಿರೀಶನಿಗೆ ಅರ್ಧ ಟಿಕೆಟ್, ಹೋಗುವಾಗ ₹13, ಬರುವಾಗ ₹13.

ಅ) ಮನೆಗೆ ಬಂದಾಗ ಚೀಲದಲ್ಲಿ ಎಷ್ಟಿರಬೇಕು?
ಆ) ಎಣಿಸಿದಾಗ ₹839 ಇತ್ತು. ಎಷ್ಟು ಕಡಿಮೆ?
ಇ) ಅಜ್ಜಿ ಚಹಾ ಕುಡಿಯಲು ಹೋದಾಗ ಚೀಲ ಗಿರೀಶನ ಕೈಯಲ್ಲಿತ್ತು. ಆಗ ನಡೆದ ವ್ಯಾಪಾರ ಮೂರು: ₹63ಕ್ಕೆ ₹200 ಪಡೆದು ₹147 ಮರಳಿಸಿದ, ₹48ಕ್ಕೆ ₹100 ಪಡೆದು ₹52 ಮರಳಿಸಿದ, ₹85ಕ್ಕೆ ₹500 ಪಡೆದು ₹415 ಮರಳಿಸಿದ. ಹಣ ಹೋದದ್ದು ಯಾವುದರಲ್ಲಿ? ಗಿರೀಶ ಸಾಲ ಪಡೆಯುವಾಗ ಏನು ಮರೆತ?

11. ನೀವೇ ಬಿಲ್ಲು ಬರೆಯಿರಿ (3 ಅಂಕ)

₹500ರ ಎರಡು ನೋಟು ಕೊಟ್ಟಿದ್ದೀರಿ, ಚಿಲ್ಲರೆ ₹236.45 ಬಂದಿದೆ. ಬಿಲ್ಲು ಎಷ್ಟಿತ್ತು? ಅಷ್ಟೇ ಮೊತ್ತ ಬರುವಂತೆ ಮೂರು ಸಾಮಾನುಗಳ ಹೆಸರು, ಬೆಲೆ ಬರೆದು ಬಿಲ್ಲು ತಯಾರಿಸಿ. ಕನಿಷ್ಠ ಎರಡು ಬೆಲೆಗಳಲ್ಲಿ ಪೈಸೆ ಇರಲಿ.

ಶಿಕ್ಷಕರ ಹಾಳೆ

1: ₹32, ₹36, ₹63, ₹215.

2: ₹152, ₹218, ₹225, ₹674, ₹955. ಅ ಲೆಕ್ಕಕ್ಕೆ ₹162 ಬರೆದವರನ್ನು 4ನೇ ಪ್ರಶ್ನೆಯ ಇಮ್ರಾನನ ಪಕ್ಕದಲ್ಲಿ ಕೂರಿಸಿ, ತಪ್ಪು ಒಂದೇ. ಹಾಗೆಯೇ ಉ ಲೆಕ್ಕಕ್ಕೆ ₹1,045 ಬರೆದವರು ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾರೆ. ಬಿಲ್ಲೂ ಚಿಲ್ಲರೆಯೂ ಒಂದೇ ಆಗಿದ್ದನ್ನು ಅವರ ಬಾಯಿಂದಲೇ ಹೇಳಿಸಿ.

3: ₹233ಕ್ಕೆ 200, 20, 10, 2, 1. ₹674ಕ್ಕೆ 500, 100, 50, 20, 2, 2. ₹955ಕ್ಕೆ 500, 200, 200, 50, 5.

4: ಸರಿಯುತ್ತರ ₹244. ಸವಿತಾ ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಳು, ಸಾಲವನ್ನೇ ಪಡೆಯಲಿಲ್ಲ: ನಷ್ಟ ₹112. ಇಮ್ರಾನ್ ನಡುವಿನ ಸೊನ್ನೆಯನ್ನು 10 ಮಾಡಿ, 9ಕ್ಕೆ ಇಳಿಸಲಿಲ್ಲ: ನಷ್ಟ ₹10. ಬಸವರಾಜ ನೂರರ ಸ್ಥಾನದಿಂದ ಪಡೆದ, 4ನ್ನು 3 ಮಾಡಲಿಲ್ಲ: ನಷ್ಟ ₹100. ಸವಿತಾಳ ತಪ್ಪಿಗೆ ಮತ್ತೆ ನೋಟುಗಳಿಂದಲೇ ಆರಂಭಿಸಬೇಕು. ಉಳಿದ ಇಬ್ಬರಿಗೆ ವಿಷಯ ಗೊತ್ತಿದೆ, ಗೀಟು ಹಾಕುವ ಅಭ್ಯಾಸ ಸಾಕು.

5: ₹8.50, ₹12.05, ₹0.75, ₹2.40, ₹10.05.

6: ₹209.30, ₹45.00, ₹1,300.00, ₹89.55. ಅಂದಾಜು ಬರೆಯದೆ ಬಲದಿಂದ ಎರಡು ಅಂಕಿ ಎಣಿಸಿ ಬಿಂದು ಇಟ್ಟವರಿಗೂ ಉತ್ತರ ಸರಿ ಬರುತ್ತದೆ. ಅವರಿಗೆ ಅರ್ಧ ಅಂಕ ಕೊಡಿ.

7: 46 ಪೈಸೆ; ₹161.25, ₹38.75, ₹39.

8: ₹400.15 − ₹95.50 = ₹304.65. ₹305.35 ಎಂದು ಬರೆದವರು ಪೈಸೆಯಲ್ಲಿ 50ರಿಂದ 15 ಕಳೆದಿದ್ದಾರೆ.

9: ₹4,479.75.

10: 150 + 340 + 420 = 910; ಖರ್ಚು 61; ಇರಬೇಕಾದ್ದು ₹849. ಕಡಿಮೆ ₹10. ಮೊದಲ ವ್ಯಾಪಾರದಲ್ಲಿ ₹137 ಕೊಡಬೇಕಿತ್ತು. ನಡುವಿನ ಸೊನ್ನೆ 9 ಆಗಬೇಕೆಂಬುದನ್ನು ಗಿರೀಶ ಮರೆತ.

11: ₹763.55. ಬೆಲೆಗಳು ಯಾವುವಾದರೂ ಆಗಬಹುದು, ಒಂದು ಮಾದರಿ: ಕೊಡೆ ₹410, ಎಣ್ಣೆ ₹148.80, ಕಾಫಿಪುಡಿ ₹204.75. ಒಂದು ಕಿಲೋ ಉಪ್ಪಿಗೆ ₹500 ಎಂದು ಬರೆದವರಿಗೆ ಲೆಕ್ಕದ ಅಂಕ ಪೂರ್ತಿ ಕೊಡಿ, ಆದರೆ ಮುಂದಿನ ಸಂತೆಯಲ್ಲಿ ಬೆಲೆ ವಿಚಾರಿಸಿ ಬರಲು ಹೇಳಿ.