ವಿಷಯ: ಪೀಣ್ಯ ಪ್ಲಾಂಟ್‌ನ ಕ್ವಾಲಿಟಿ ಇಂಜಿನಿಯರ್ ಆಫರ್ ಬಗ್ಗೆ ನನ್ನ ಉತ್ತರ

ವೀಣಾ ಮೇಡಂ, ನಮಸ್ಕಾರ.

ಸೋಮವಾರ ನೀವು ಕಳಿಸಿದ ಆಫರ್ ಲೆಟರ್ ಓದಿದೆ. ಮನೆಯಲ್ಲಿ ಎರಡು ದಿನ ಕೂತು ಮಾತಾಡಿದೆವು. ಈ ಕೆಲಸಕ್ಕೆ ಈಗ ಸೇರಲು ನನಗೆ ಆಗುತ್ತಿಲ್ಲ ಮೇಡಂ. ಉತ್ತರ ಕೊಡಲು ಶನಿವಾರದವರೆಗೆ ಸಮಯವಿದೆ, ನಿಜ. ಆದರೆ ತೀರ್ಮಾನ ಆದಮೇಲೂ ಸುಮ್ನೆ ಕಾಯಿಸಿದರೆ ನಿಮಗೇ ತೊಂದರೆ. ಬೇರೆಯವರನ್ನು ಕರೆಯಬೇಕಲ್ವಾ? ಅದಕ್ಕೆ ಇವತ್ತೇ ಬರೆಯುತ್ತಿದ್ದೇನೆ.

ಕಾರಣ ಮನೆಯದು. ಮಗಳು ಈ ಜೂನ್‌ಗೆ ಎಸ್ಸೆಸ್ಸೆಲ್ಸಿ. ಮೊದಲ ಸಲ ನೀವು ಫೋನ್ ಮಾಡಿದಾಗ ಅವಳನ್ನು ಬೆಂಗಳೂರಿನ ಶಾಲೆಗೆ ಸೇರಿಸಬಹುದು ಅಂದುಕೊಂಡಿದ್ದೆ. ಅವಳಿಗೆ ಕನ್ನಡ ಮಾಧ್ಯಮದಲ್ಲೇ ಮುಗಿಸುವ ಆಸೆ, ಇಲ್ಲಿನ ಮೇಷ್ಟ್ರನ್ನು ಬಿಟ್ಟು ಬರಲು ಮನಸ್ಸಿಲ್ಲ. ಮೈಸೂರಿನಿಂದ ದಿನಾ ಓಡಾಡುವುದನ್ನೂ ಲೆಕ್ಕ ಹಾಕಿದೆ. ಮೆಜೆಸ್ಟಿಕ್‌ನಲ್ಲಿ ರೈಲು ಇಳಿದು ಮೆಟ್ರೋ ಹಿಡಿದರೂ, ಬೆಳಿಗ್ಗೆ 6ರ ಶಿಫ್ಟ್‌ಗೆ ಗೇಟಿನಲ್ಲಿ ಇರುವ ದಾರಿಯೇ ಇಲ್ಲ. ನಾನೊಬ್ಬನೇ ರೂಮ್ ಮಾಡೋಣವೆಂದರೆ ಹೆಂಡತಿಯದೂ ನೈಟ್ ಡ್ಯೂಟಿ ಇರುವ ಕೆಲಸ. ಮಗಳು ರಾತ್ರಿ ಒಬ್ಬಳೇ ಆಗುತ್ತಾಳೆ. ಇಷ್ಟನ್ನೂ ಇಂಟರ್‌ವ್ಯೂಗೆ ಮೊದಲೇ ಯೋಚಿಸಿ ಹೇಳಬೇಕಿತ್ತು. ನಿಮ್ಮ ಸಮಯ ಹೋಯಿತು, ಕ್ಷಮಿಸಿ.

ಸಂಬಳ ಕಾರಣವಲ್ಲ. ನೀವೇ ಮೇಲಿನವರ ಹತ್ತಿರ ಮಾತಾಡಿ 7.8 ಲಕ್ಷವನ್ನು 8.4 ಲಕ್ಷಕ್ಕೆ ಏರಿಸಿದಿರಿ. ಅದನ್ನು ಮರೆಯುವುದಿಲ್ಲ. ಈ ಲೆಟರ್ ತೋರಿಸಿ ಈಗಿನ ಕಂಪನಿಯಲ್ಲಿ ಸಂಬಳ ಜಾಸ್ತಿ ಕೇಳುವುದೂ ಇಲ್ಲ. ಇಲ್ಲಿ ಯಾರಿಗೂ ಇದರ ಸುದ್ದಿ ಗೊತ್ತಿಲ್ಲ.

ನನಗೆ ರಜೆ ಸಿಗದು ಎಂದು ನೀವು ಇಂಟರ್‌ವ್ಯೂವನ್ನು ಭಾನುವಾರಕ್ಕೆ ಹಾಕಿಸಿದಿರಿ. ಪ್ಲಾಂಟ್ ಹೆಡ್ ಸರ್ ಶಾಪ್ ಫ್ಲೋರ್ ಪೂರ್ತಿ ಸುತ್ತಿಸಿದರು. ಅವರು ರಿಜೆಕ್ಷನ್ ಬಿನ್ ಮುಂದೆ ನಿಂತು ಒಂದೊಂದು ಪೀಸ್ ಕೈಗೆ ತೆಗೆದುಕೊಂಡು, ಇದು ಯಾಕೆ ಹೋಯಿತು ಹೇಳಿ ಎಂದು ಕೇಳಿದ ರೀತಿ ತುಂಬಾ ಹಿಡಿಸಿತು. ಅಂಥವರ ಕೈಕೆಳಗೆ ಕಲಿಯಬೇಕು ಅನ್ನಿಸಿತ್ತು. ದಯವಿಟ್ಟು ಅವರಿಗೂ ನನ್ನ ಧನ್ಯವಾದ ತಿಳಿಸಿ.

ಮುಂದಿನ ಏಪ್ರಿಲ್ ಹೊತ್ತಿಗೆ ಮಗಳ ಪರೀಕ್ಷೆ ಮುಗಿದಿರುತ್ತದೆ. ಪಿಯುಸಿ ಬೆಂಗಳೂರಿನಲ್ಲಿ ಓದಲು ಅವಳೂ ಒಪ್ಪಿದ್ದಾಳೆ. ಆಮೇಲೆ ಮಷಿನಿಂಗ್ ಇನ್‌ಸ್ಪೆಕ್ಷನ್ ಅಥವಾ ಸಪ್ಲೈಯರ್ ಕ್ವಾಲಿಟಿ ಕೆಲಸ ಯಾವುದಿದ್ದರೂ ನನ್ನನ್ನು ನೆನಪಿಸಿಕೊಳ್ಳಿ. ನಂಜನಗೂಡು, ಕಡಕೊಳ ಕಡೆಯ ಫ್ಯಾಕ್ಟರಿಗಳಲ್ಲಾದರೆ ಏಪ್ರಿಲ್‌ವರೆಗೂ ಕಾಯಬೇಕಿಲ್ಲ, ಯಾವಾಗ ಬೇಕಾದರೂ ಫೋನ್ ಮಾಡಿ. ನನ್ನ ನೋಟಿಸ್ ಪೀರಿಯಡ್ 60 ದಿನ. ನಂಬರ್ ಇದೇ ಇರುತ್ತದೆ.

ಇನ್ನೊಂದು ಮಾತು. ಪೀಣ್ಯದಲ್ಲೇ ಇರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕೆಲಸ ಹುಡುಕುತ್ತಿದ್ದಾರೆ. ಆರು ವರ್ಷ ಸಿಎಂಎಂ ಮೇಲೆ ಕೆಲಸ ಮಾಡಿದ್ದಾರೆ, ಐಎಟಿಎಫ್ 16949 ಇಂಟರ್ನಲ್ ಆಡಿಟ್ ಕೂಡ ಗೊತ್ತು. ಅವರನ್ನು ಕೇಳಿದೆ, ಒಪ್ಪಿದ್ದಾರೆ. ನೀವು ಹೂಂ ಅಂದರೆ ಅವರ ರೆಸ್ಯೂಮೆ ಇವತ್ತೇ ಕಳಿಸುತ್ತೇನೆ.

ಇಂತಿ,
ಮಂಜುನಾಥ್
ಮೈಸೂರು